ಕಾಲುದಾರಿ ಅಂತ ಹೆಸರಿಟ್ಟ ಮೇಲೆ

ಕೇಳುಗರೇ, ನಮಸ್ಕಾರ.

ಮಡಿಕೇರಿಯಲ್ಲಿ ನಾವು ಏಳೆಂಟು ಜನ ಭಾನುವಾರ ಬಂದರೆ ಬೆಟ್ಟ, ಕಾಡಂಚು ಅಂತ ಸುತ್ತುತ್ತಿದ್ದೆವು. ಇನ್ನಷ್ಟು ಜನ ಸೇರಲಿ ಅಂತ ಗುಂಪಿಗೆ ಒಂದು ಹೆಸರಿಟ್ಟು, ಅಂಗಡಿಗಳ ಮುಂದೆ ಚೀಟಿ ಅಂಟಿಸಿದೆವು. ಹೆಸರು, ‘ಶಿಖರ ಸಾಹಸಿಗಳು’. ಬಂದವರೆಲ್ಲ ಆಗಲೇ ತಡಿಯಂಡಮೋಳ್ ಬೆಟ್ಟ ಹತ್ತಿ ಇಳಿದವರು. ಹೊಸಬರು ಒಬ್ಬರೂ ಇಲ್ಲ.

ನಮ್ಮ ಪಕ್ಕದ ಮನೆಯ ಅಕ್ಕ ಚೀಟಿ ಓದಿದ್ದರು. “ಅದು ನಮ್ಮಂಥವರಿಗಲ್ಲ ಬಿಡಿ, ನನ್ನ ಹತ್ರ ಶೂನೂ ಇಲ್ಲ” ಅಂದರು. ಚೀಟಿಯಲ್ಲಿ ಶೂ ಮಾತೇ ಇರಲಿಲ್ಲ. ‘ಹೊಸಬರಿಗೂ ಸ್ವಾಗತ’ ಅಂತ ಕೆಳಗೆ ಬರೆದೂ ಇದ್ದೆವು. ಅವರು ಅಲ್ಲಿವರೆಗೆ ಬರಲೇ ಇಲ್ಲ, ಹೆಸರು ನೋಡಿಯೇ ತಿರುಗಿಬಿಟ್ಟಿದ್ದರು. ಇದೇ ಅಕ್ಕ ದಿನಾ ಕಾಫಿ ತೋಟದ ಏರಿನಲ್ಲಿ ಹಾಲಿನ ಕ್ಯಾನು ಹಿಡಿದು ನಡೆಯುವವರು!

ಆಮೇಲೆ ಹೆಸರು ಬದಲಿಸಲು ಹೊರಟೆವು, ಈ ಸಲ ಅದನ್ನು ನಾವೇ ಕೂತು ಆರಿಸಲಿಲ್ಲ. ಬೆಟ್ಟ ಹತ್ತದವರನ್ನು ಕೇಳಿದೆವು. ಹೆಸರು ಚೆನ್ನಾಗಿದೆಯಾ ಅಂತ ಕೇಳಿದರೆ ಎಲ್ಲರೂ ಚೆನ್ನಾಗಿದೆ ಅಂತಾರೆ, ಅದರಿಂದ ಏನೂ ಗೊತ್ತಾಗಲ್ಲ. ಅದಕ್ಕೇ ಹೀಗೆ ಕೇಳಿದೆವು: ಈ ಹೆಸರಿನ ಗುಂಪಿನಲ್ಲಿ ಯಾರಿರ್ತಾರೆ? ಕಾಲಿಗೆ ಏನು ಹಾಕ್ಕೊಂಡಿರ್ತಾರೆ? ‘ಚಾರಣ’ ಅಂದರೆ ಹುಡುಗರು, ಬೆನ್ನಿಗೆ ದೊಡ್ಡ ಬ್ಯಾಗು, ಟೆಂಟು ಅಂದರು. ‘ನಡಿಗೆ’ ಅಂದರೆ ಡಾಕ್ಟರ್ ಹೇಳಿದ ವಾಕಿಂಗ್ ನೆನಪಾಯಿತು ಕೆಲವರಿಗೆ. ‘ಕಾಲುದಾರಿ’ ಅಂದಾಗ ಮಾತ್ರ ಒಬ್ಬೊಬ್ಬರೂ ತಮ್ಮ ಮನೆ ಹತ್ತಿರದ್ದೊಂದು ದಾರಿ ಹೇಳಿದರು.

‘ಹೊಸಬರ ಬಳಗ’ ಅಂತಲೂ ಒಂದು ಹೆಸರು ಬಂದಿತ್ತು. ನಾನೇ ಬೇಡ ಅಂದೆ. ನಾಲ್ಕು ಸಲ ಬಂದವರು ಹೊಸಬರಾಗಿ ಉಳಿಯಲ್ಲ. ಅನುಭವ ಇರುವವರು ಬರದಿದ್ದರೆ ದಾರಿ ತೋರಿಸುವವರು ಯಾರು?

‘ಭಾನುವಾರದ ಕಾಲುದಾರಿ’ ಅಂತ ಇಟ್ಟೆವು. ಯಾವತ್ತು ಅನ್ನುವುದು ಅದರಲ್ಲೇ ಬಂತು. ಎಷ್ಟು ಕಷ್ಟ ಅನ್ನುವುದನ್ನು ಹೆಸರಿನ ಕೆಳಗಿನ ಸಾಲಿಗೆ ಬಿಟ್ಟೆವು, ಅದು ಪ್ರತಿ ವಾರ ಬದಲಾಗುತ್ತೆ. ಮೊದಲ ಸಲ ಬರೆದದ್ದು: ‘ತೋಟದ ದಾರಿ, 3 ಕಿಲೋಮೀಟರ್, ಏರು ಕಡಿಮೆ, 2 ಗಂಟೆ, ಚಪ್ಪಲಿ ಸಾಕು.’ ಆಗ ಜನವರಿ. ಮಳೆಗಾಲವಾಗಿದ್ದರೆ ಜಿಗಣೆ ಇರುತ್ತೆ, ಉದ್ದ ಕಾಲುಚೀಲ ಬೇಕು ಅಂತ ಬರೆಯಲೇಬೇಕಿತ್ತು.

ಈ ಸಾಲಿನಲ್ಲಿ ಸುಳ್ಳು ಸೇರಬಾರದು. ತಡಿಯಂಡಮೋಳ್ 1,748 ಮೀಟರ್, ಕೊಡಗಿನಲ್ಲೇ ಎತ್ತರದ್ದು, ಕೊನೆಯ ಏರು ಕಡಿದಾದದ್ದು. ಅದನ್ನು ‘ಸುಮ್ನೆ ಒಂದು ಸುತ್ತು’ ಅಂತ ಕರೆದು ಹೊಸಬರನ್ನು ಅರ್ಧ ದಾರಿಯಲ್ಲಿ ಕೂರಿಸಿದರೆ, ಅವರು ಮತ್ತೆ ಯಾವತ್ತೂ ಬರಲ್ಲ. ಅಲ್ಲಿಗೆ ಹೋಗುವಾಗ ‘ಇಡೀ ದಿನ, ಮೊದಲು ಮೂರು ಸಲ ನಡೆದವರಿಗೆ’ ಅಂತ ಬರೆಯುತ್ತೇವೆ.

ಮೊದಲ ಭಾನುವಾರ ಅಕ್ಕ ಚಪ್ಪಲಿಯಲ್ಲೇ ಬಂದರು. ತೋಟ ಮುಗಿದು ತೊರೆ ಸಿಗುವ ಕಡೆ ನಾವು ಬಲಕ್ಕೆ ಹೊರಟಿದ್ದೆವು. “ಅಲ್ಲಿ ಕಲ್ಲು ಜಾರುತ್ತೆ, ಈ ಕಡೆ ಬನ್ನಿ” ಅಂತ ಅವರು ಮುಂದೆ ನಡೆದರು.