ಏಕಸ್ವಾಮ್ಯದ ಮೇಲೆ ಎರಡು ಬಗೆಯ ತೆರಿಗೆ: ದಾವಣಗೆರೆಯಲ್ಲಿ ನೀಡಿದ ಉಪನ್ಯಾಸ

ಆತ್ಮೀಯರೇ, ನಮ್ಮೂರಿನ ಮಂಡಕ್ಕಿ ಭಟ್ಟಿಗಳು ಇಂದಿನ ವಿಷಯಕ್ಕೆ ಒದಗಿ ಬರುವುದಿಲ್ಲ. ಅವು ಹಲವಾರಿವೆ, ಒಬ್ಬರು ದರ ಏರಿಸಿದರೆ ಗಿರಾಕಿ ಪಕ್ಕದವರ ಬಳಿಗೆ ಹೋಗುತ್ತಾನೆ. ಆದ್ದರಿಂದ ಚಳ್ಳಕೆರೆಯಂತಹ ಬಿಸಿಲೂರಿನಲ್ಲಿ ಒಂದೇ ಒಂದು ಐಸ್ ಫ್ಯಾಕ್ಟರಿ ಇದೆಯೆಂದು ಊಹಿಸಿಕೊಳ್ಳೋಣ. ಒಂದೊಂದು ಐಸ್ ಗಡ್ಡೆಗೆ ಕರೆಂಟು, ನೀರು ಎಲ್ಲ ಸೇರಿ 40 ರೂಪಾಯಿ ಖರ್ಚು. ದರ 70 ಇದ್ದರೆ ದಿನಕ್ಕೆ 30 ಗಡ್ಡೆ ಖರ್ಚಾಗುತ್ತವೆ. ದರವನ್ನು ಒಂದು ರೂಪಾಯಿ ಇಳಿಸಿದರೆ ಒಂದು ಗಡ್ಡೆ ಹೆಚ್ಚು, ಏರಿಸಿದರೆ ಒಂದು ಕಡಿಮೆ.

ಮಾಲೀಕ 30ಕ್ಕೇ ಏಕೆ ನಿಲ್ಲುತ್ತಾನೆ? 31ನೆಯ ಗಡ್ಡೆ ಮಾರಲು ಎಲ್ಲ ಗಡ್ಡೆಗಳ ದರವನ್ನೂ 69ಕ್ಕೆ ಇಳಿಸಬೇಕು. ಹೊಸ ಗಡ್ಡೆಯಿಂದ 69 ಬಂದರೂ ಹಳೆಯ 30 ಗಡ್ಡೆಗಳಲ್ಲಿ ತಲಾ ಒಂದು ರೂಪಾಯಿ ಹೋಗುವುದರಿಂದ ನಿವ್ವಳ ಸೇರ್ಪಡೆ, ಅಂದರೆ ಸೀಮಾಂತ ಆದಾಯ, 39 ಮಾತ್ರ, ಖರ್ಚಾದರೋ 40. ಹೀಗಾಗಿ 30 ಗಡ್ಡೆಗಳಲ್ಲಿ ಸಿಗುವ 900 ರೂಪಾಯಿಯೇ ಅವನ ಗರಿಷ್ಠ ಲಾಭ.

ಪುರಸಭೆಯು ದಿನಕ್ಕೆ 375 ರೂಪಾಯಿಯ ಇಡಿಗಂಟು ತೆರಿಗೆ ಹಾಕಿತೆನ್ನಿ. ಎಷ್ಟೇ ಮಾರಿದರೂ ಮೊತ್ತ ಅಷ್ಟೇ ಆದ್ದರಿಂದ 31ನೆಯ ಗಡ್ಡೆಯ 39 ಮತ್ತು 40ರ ಲೆಕ್ಕ ಕದಲುವುದಿಲ್ಲ. ದರ 70, ಮಾರಾಟ 30, ಲಾಭ ಮಾತ್ರ 525. “ಹಾಗಾದರೆ ದರ ಏರಿಸಿ ವಸೂಲಿ ಮಾಡುತ್ತಾನಲ್ಲ” ಎನ್ನುವವರಿದ್ದಾರೆ. 75ಕ್ಕೆ ಏರಿಸಿದರೆ 25 ಗಡ್ಡೆ ಮಾರಿ, ತೆರಿಗೆ ಕಟ್ಟಿದ ಮೇಲೆ ಅವನಿಗೆ ಉಳಿಯುವುದು 500. ಏರಿಸಿದರೆ ಲಾಭವಿದ್ದಿದ್ದರೆ ತೆರಿಗೆ ಬರುವ ಮೊದಲೇ ಏರಿಸುತ್ತಿದ್ದ. ಏಕಸ್ವಾಮ್ಯದ ಮಾಲೀಕನಿಗೆ ಅದಕ್ಕೆ ನೆಪ ಬೇಕಿಲ್ಲ.

ಈಗ ಇಡಿಗಂಟಿನ ಬದಲು ಗ್ರಾಹಕ ಕೊಡುವ ದರದಲ್ಲಿ ಶೇ. 20ರಷ್ಟು ಮೌಲ್ಯಾಧಾರಿತ ತೆರಿಗೆ ಬರಲಿ. (ಜಿಎಸ್‌ಟಿಯಂತೆ ತೆರಿಗೆಪೂರ್ವ ದರದ ಮೇಲೆ ಎಣಿಸಿದರೆ ಇದೇ ಶೇ. 25 ಆಗುತ್ತದೆ.) 30ನೆಯ ಗಡ್ಡೆ ಆದಾಯಕ್ಕೆ ಸೇರಿಸುತ್ತಿದ್ದುದು 41, ಅದರಲ್ಲಿ ಐದನೆಯ ಒಂದು ಪಾಲು ಸರ್ಕಾರಕ್ಕೆ ಹೋಗಿ 32.80 ಉಳಿಯುತ್ತದೆ, ಖರ್ಚು ಮಾತ್ರ ಮೊದಲಿನ 40. ಆ ಗಡ್ಡೆ ತಯಾರಿಸುವುದೇ ನಷ್ಟ. ಹೀಗೆ ಇಳಿಸುತ್ತ ಬಂದು ಅವನು 25ಕ್ಕೆ ನಿಲ್ಲುತ್ತಾನೆ, ದರ 75ಕ್ಕೆ ಏರುತ್ತದೆ. ಗಡ್ಡೆಗೆ 15ರಂತೆ ಸರ್ಕಾರಕ್ಕೆ ಬರುವುದು ಅದೇ 375. ಆದರೆ ಮಾಲೀಕನಿಗೆ 525ರ ಬದಲು 500, ಗ್ರಾಹಕನಿಗೆ ಐದು ರೂಪಾಯಿ ತುಟ್ಟಿ, ಐದು ಗಡ್ಡೆ ಕಡಿಮೆ. ಈ ನಷ್ಟ ಯಾರ ಜೇಬಿಗೂ ಸೇರುವುದಿಲ್ಲ.

ಇಡಿಗಂಟಿಗೂ ಮಿತಿಯಿದೆ: ಅದು 900 ದಾಟಿದರೆ, ಕ್ರಮೇಣ ಬಾಗಿಲು ಹಾಕುವುದೇ ಮಾಲೀಕನಿಗೆ ಮೇಲೆನಿಸುತ್ತದೆ. ಇನ್ನೊಂದು ಕಡೆ, ಖರ್ಚೇ ಇಲ್ಲದ ಸರಕಿನಲ್ಲಿ ಎರಡೂ ತೆರಿಗೆಗಳ ವ್ಯತ್ಯಾಸ ಅಳಿಸಿಹೋಗುತ್ತದೆ. ಫ್ರಾನ್ಸಿನ ಕೂರ್ನೋ 1838ರಲ್ಲೇ ಏಕಸ್ವಾಮ್ಯಕ್ಕೆ ಉದಾಹರಣೆಯಾಗಿ, ನೀರು ತುಂಬಿಕೊಡಲು ಖರ್ಚಿಲ್ಲದ ಖನಿಜ ಬುಗ್ಗೆಯೊಂದನ್ನು ಕಲ್ಪಿಸಿದ್ದ. ಅಂಥಲ್ಲಿ ಆದಾಯವೆಲ್ಲ ಲಾಭವೇ, ಅದರ ಶೇ. 80 ಮಾತ್ರ ತನಗೆ ಉಳಿಯುವುದಾದರೂ, ಅತಿ ಹೆಚ್ಚು ಆದಾಯ ತರುವ ದರವೇ ಮಾಲೀಕನಿಗೆ ಈಗಲೂ ಉತ್ತಮ ದರ.