ನೂರು ಗ್ರಾಂ ಬಟ್ಟು ಮತ್ತು ಒಂದು ಗ್ರಾಫ್ ಹಾಳೆ

ಕೇಳುಗರೆಲ್ಲರಿಗೂ ನಮಸ್ಕಾರ. ನಾನು ಇಲ್ಲೇ ಹಾಸನದ ಒಂದು ಕಾಫಿ ಲ್ಯಾಬ್‌ನಲ್ಲಿ ಕೆಲಸ ಮಾಡೋನು. ಸಕಲೇಶಪುರ, ಬೇಲೂರು, ಆಲೂರು ಕಡೆಯಿಂದ ಬರೋ ಕಾಫಿ ಬೀಜದ ತೇವಾಂಶ ನೋಡೋದು ನಮ್ಮ ದಿನದ ಕೆಲಸ, ಹತ್ತು ಗ್ರಾಂ ಬೀಜ ತೂಗಿ ಓವನ್‌ನಲ್ಲಿಟ್ಟು ಒಣಗಿಸಿ ಮತ್ತೆ ತೂಗ್ತೀವಿ, ಎಷ್ಟು ಕಡಿಮೆ ಆಯ್ತೋ ಅಷ್ಟು ನೀರು. ಅಂದ್ಮೇಲೆ ಎಲ್ಲಾ ನಿಂತಿರೋದು ತೂಗೋ ಬ್ಯಾಲೆನ್ಸ್ ಮೇಲೆ.

ನಮ್ಮದು ನಾಲ್ಕು ದಶಮಾಂಶದ ಬ್ಯಾಲೆನ್ಸ್, ಅಂದ್ರೆ ಅದರ ಕೊನೆಯ ಅಂಕಿ ಒಂದು ಮಿಲಿಗ್ರಾಂನ ಹತ್ತನೇ ಒಂದು ಭಾಗ. ವರ್ಷಕ್ಕೊಂದು ಸಲ ಕ್ಯಾಲಿಬ್ರೇಷನ್ ಮಾಡೋರು ಬಂದು, ಪರೀಕ್ಷೆ ಮಾಡಿ, ಸರ್ಟಿಫಿಕೇಟ್ ಕೊಟ್ಟು ಹೋಗ್ತಾರೆ. ಆದ್ರೆ ಅದು ಆ ಒಂದು ದಿನದ ಮಾತು. ಈ ನವೆಂಬರ್‌ನಿಂದ ಮುಂದಿನ ನವೆಂಬರ್ ತನಕ ಬ್ಯಾಲೆನ್ಸ್ ಹೆಂಗಿತ್ತು ಅಂತ ಹೇಳೋರು ಯಾರು? ಮುಂದಿನ ವರ್ಷ ಬಂದವರು ತಪ್ಪು ತೋರಿಸ್ತಿದೆ ಅಂದ್ರೆ ಯಾವತ್ತಿಂದ ತಪ್ಪು ತೋರಿಸ್ತಿತ್ತು, ಯಾವ ರಿಪೋರ್ಟ್ ಸರಿ, ಯಾವುದು ಇಲ್ಲ ಅನ್ನೋಕೆ ಕೈಯಲ್ಲಿ ಏನೂ ಇರಲ್ಲ. ಅದಕ್ಕೇ ನಾವು ದಿನಾ ಬೆಳಿಗ್ಗೆ ಒಂದೇ ಒಂದು ನೂರು ಗ್ರಾಂ ಸ್ಟೀಲ್ ಬಟ್ಟನ್ನ ತೂಗಿ ಬರೆದಿಡ್ತೀವಿ. ಇದನ್ನ ಚೆಕ್ ಸ್ಟ್ಯಾಂಡರ್ಡ್ ಅಂತಾರೆ. ಬೇರೆ ಯಾವ ಕೆಲಸಕ್ಕೂ ಇದನ್ನ ಮುಟ್ಟಲ್ಲ, ಬರಿಗೈಲಿ ಹಿಡಿಯಲ್ಲ, ಚಿಮಟದಲ್ಲೇ ಎತ್ತಿಡೋದು, ಬೆರಳಿನ ಜಿಡ್ಡು ಅಂಟಿದ್ರೆ ಬಟ್ಟಿನ ತೂಕವೇ ಬದಲಾಗತ್ತೆ.

ಇಲ್ಲಿ ಮೊದಲ ಸಲ ನಾವು ದೊಡ್ಡ ತಪ್ಪು ಮಾಡಿದ್ವಿ, ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಬೇರೆಯವರೂ ಇದೇ ತಪ್ಪು ಮಾಡೋದನ್ನ ನೋಡಿದೀನಿ. ದಿನದ ರೀಡಿಂಗನ್ನ ಗ್ರಾಫ್ ಹಾಳೆ ಮೇಲೆ ಒಂದೊಂದು ಚುಕ್ಕೆಯಾಗಿ ಇಡ್ತೀವಿ, ಅದೇ ನಮ್ಮ ಚಾರ್ಟ್. ಅದಕ್ಕೆ ಮಧ್ಯದ ಗೆರೆ ಬೇಕು, ಮೇಲೊಂದು ಕೆಳಗೊಂದು ಮಿತಿ ಗೆರೆ ಬೇಕು. ಅದಕ್ಕೆ ಇಪ್ಪತ್ತೈದು ರೀಡಿಂಗ್ ಸಾಕು ಅಂದ್ರು, ನಾವು ಒಂದೇ ಬೆಳಿಗ್ಗೆ ಕೂತು ಇಪ್ಪತ್ತೈದು ಸಲ ತೂಗಿಬಿಟ್ವಿ. ರೀಡಿಂಗ್‌ಗಳ ನಡುವಿನ ಏರಿಳಿತ, ಅಂದ್ರೆ ಸ್ಟ್ಯಾಂಡರ್ಡ್ ಡೀವಿಯೇಷನ್, 0.08 ಮಿಲಿಗ್ರಾಂ ಬಂತು. ಮಿತಿ ಗೆರೆ ಅದರ ಮೂರು ಪಟ್ಟು ದೂರ, ಅಂದ್ರೆ ಮೇಲೆ ಕೆಳಗೆ 0.24. ಖುಷಿಯಾಯ್ತು. ಮುಂದಿನ ವಾರದಲ್ಲೇ ಮೂರು ಚುಕ್ಕೆ ಗೆರೆ ದಾಟಿದ್ವು! ಬ್ಯಾಲೆನ್ಸ್‌ಗೆ ಏನೂ ಆಗಿರ್ಲಿಲ್ಲ. ಒಂದು ಬೆಳಿಗ್ಗೆಯಲ್ಲಿ ರೂಮಿನ ಬಿಸಿ ಬದಲಾಗಲ್ಲ, ಗಾಳಿಯ ಒತ್ತಡ ಬದಲಾಗಲ್ಲ, ತೂಗೋರೂ ಒಬ್ಬರೇ, ಹಂಗಾಗಿ ಏರಿಳಿತ ತೀರಾ ಸಣ್ಣದು. ದಿನದಿಂದ ದಿನಕ್ಕೆ ಬರೋ ಸಹಜ ಏರಿಳಿತ ಅದರಲ್ಲಿ ಸೇರಿರಲೇ ಇಲ್ಲ. ಆಮೇಲೆ ಇಪ್ಪತ್ತೈದು ಬೇರೆಬೇರೆ ದಿನ, ದಿನಕ್ಕೊಂದೇ ರೀಡಿಂಗ್, ಕೆಲಸ ಮಾಡೋ ಎಲ್ಲರ ಕೈಲೂ ತೂಗಿಸಿ ಮತ್ತೆ ಲೆಕ್ಕ ಹಾಕಿದ್ವಿ. ಆಗ ಸರಾಸರಿ 100.0003 ಗ್ರಾಂ, ಡೀವಿಯೇಷನ್ 0.2 ಮಿಲಿಗ್ರಾಂ. ಮಿತಿ ಗೆರೆಗಳು ಕೆಳಗೆ 99.9997, ಮೇಲೆ 100.0009. ಡೀವಿಯೇಷನ್‌ನ ಎರಡು ಪಟ್ಟು ದೂರದಲ್ಲಿ ಇನ್ನೊಂದು ಜೋಡಿ ಗೆರೆ, ಅದು ಎಚ್ಚರಿಕೆಗೆ.

ಬಟ್ಟಿನ ಮೇಲೆ ನೂರು ಅಂತಿದೆ, ನಿಮ್ಮ ಮಧ್ಯದ ಗೆರೆ ಯಾಕೆ 100.0003 ಅಂತ ಕೇಳ್ತಾರೆ. ಇರಲಿ ಬಿಡಿ. ತೂಕ ಸರಿಯೋ ತಪ್ಪೋ ಅನ್ನೋದು ಕ್ಯಾಲಿಬ್ರೇಷನ್‌ನ ಪ್ರಶ್ನೆ, ಚಾರ್ಟ್ ಕೇಳೋದು ಒಂದೇ, ನಿನ್ನೆ ಇದ್ದ ಹಾಗೆ ಇವತ್ತೂ ಇದ್ಯಾ ಅಂತ. ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ವಾಲ್ಟರ್ ಶೂಹಾರ್ಟ್ 1924ರಲ್ಲಿ ಈ ಚಾರ್ಟನ್ನ ಮೊದಲು ಬರೆದಾಗ್ಲೂ ಕೇಳಿದ್ದು ಇದನ್ನೇ, ಸಹಜ ಅಲುಗಾಟ ಯಾವುದು, ಕಾರಣ ಇರೋ ಬದಲಾವಣೆ ಯಾವುದು ಅಂತ.

ಈಗ ಜುಲೈ ತಿಂಗಳ ಒಂದು ಕತೆಗೆ ಬರ್ತೀನಿ. ಮಳೆ ಹಿಡಿದು ಬಿಟ್ಟಿರ್ಲಿಲ್ಲ, ಕರೆಂಟ್ ಬಂದು ಹೋಗಿ ಮಾಡ್ತಿತ್ತು, ಕರೆಂಟ್ ಹೋಗಿ ಬಂದ ದಿನ ಬ್ಯಾಲೆನ್ಸ್ ಒಂದು ಗಂಟೆಯಾದ್ರೂ ಬೆಚ್ಚಗಾದ್ಮೇಲೇ ತೂಗೋದು ಅಂತ ನಮ್ಮಲ್ಲಿ ನಿಯಮ, ಅದನ್ನೂ ಹಾಳೆ ಮೇಲೆ ಬರೆದಿಡ್ತೀವಿ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಚಾರ್ಟ್ ನೋಡ್ತಾ, "ಸರ್, ಎಲ್ಲಾ ಗೆರೆ ಒಳಗೇ ಇದೆ, ಆದ್ರೂ ಒಂಥರಾ ಕಾಣ್ತಿದೆ" ಅಂದ್ಲು. ನೋಡಿದ್ರೆ ನಿಜ. ಸಾಲಾಗಿ ಎಂಟು ಚುಕ್ಕೆ ಮಧ್ಯದ ಗೆರೆಯ ಕೆಳಗೇ ಇದ್ವು. 100.0002 ಅಂತ ಶುರುವಾಗಿ, ಒಂದಿನ ಸ್ವಲ್ಪ ಮೇಲೆ ಒಂದಿನ ಕೆಳಗೆ ಆಡ್ತಾ, ಕೊನೆಗೆ ಎರಡು ದಿನ 99.9999. ಒಂದೂ ಮಿತಿ ದಾಟಿಲ್ಲ. ಆದ್ರೆ ಏನೂ ಆಗದೇ ಇದ್ರೆ ಚುಕ್ಕೆ ಮೇಲೆ ಬೀಳೋ ಕೆಳಗೆ ಬೀಳೋ ಸಾಧ್ಯತೆ ಹೆಚ್ಚುಕಡಿಮೆ ಸಮ, ನಾಣ್ಯ ಚಿಮ್ಮಿದ ಹಾಗೆ, ಎಂಟು ಸಲವೂ ಕೆಳಗೇ ಬೀಳೋದು 256ಕ್ಕೆ ಒಂದು ಸಲ. ಸಾಲಾಗಿ ಎಂಟು ಒಂದೇ ಕಡೆ ಬಂದ್ರೆ ಕಾರಣ ಹುಡುಕಬೇಕು ಅನ್ನೋ ನಿಯಮ ಇರೋದು ಇದಕ್ಕೇ.

ಅವಳ ಕೈ ಕ್ಯಾಲ್ ಬಟನ್ ಕಡೆ ಹೋಯ್ತು. ಒತ್ತಬೇಡಮ್ಮಾ ಅಂದೆ. ನಮ್ಮ ಬ್ಯಾಲೆನ್ಸ್ ಒಳಗೇ ಒಂದು ಬಟ್ಟು ಇದೆ, ಬಟನ್ ಒತ್ತಿದ್ರೆ ಅದನ್ನ ತೂಗಿಕೊಂಡು ತನ್ನನ್ನ ತಾನೇ ಸರಿಮಾಡಿಕೊಳ್ಳತ್ತೆ, ಚುಕ್ಕೆ ಮಧ್ಯಕ್ಕೆ ವಾಪಸ್ ಬರತ್ತೆ, ಜೊತೆಗೆ ಕಾರಣವೂ ಮುಚ್ಚಿಹೋಗತ್ತೆ. ದಿನಾ ಬೆಳಿಗ್ಗೆ ಮೊದಲು ಬಟನ್ ಒತ್ತಿ ಆಮೇಲೆ ತೂಗೋರ ಚಾರ್ಟ್ ಯಾವಾಗ್ಲೂ ಚೆನ್ನಾಗೇ ಕಾಣತ್ತೆ, ನನಗೆ ಅಂಥ ಚಾರ್ಟ್ ಮೇಲೆ ನಂಬಿಕೆ ಇಲ್ಲ. ಮೊದಲು ಇದ್ದ ಹಾಗೆ ತೂಗಿ ಬರೆದುಕೊಳ್ಳಿ, ಬಟನ್ ಆಮೇಲೆ.

ಬದಲಾಗಿದ್ದು ಬ್ಯಾಲೆನ್ಸೋ ಬಟ್ಟೋ ಅನ್ನೋದು ಮೊದಲು ಗೊತ್ತಾಗಬೇಕಿತ್ತು. ಡಬ್ಬಿಯಲ್ಲಿ ಇನ್ನೊಂದು ಐವತ್ತು ಗ್ರಾಂ ಬಟ್ಟು ಇಟ್ಟಿದ್ವಿ, ಅದರ ಹಳೇ ಸರಾಸರಿ 50.0001. ನಾಲ್ಕೈದು ಸಲ ತೂಗಿದ್ವಿ, 49.9999 ಬಂತು. ಅಂದ್ರೆ 0.2 ಮಿಲಿಗ್ರಾಂ ಕಡಿಮೆ, ನೂರು ಗ್ರಾಂನಲ್ಲಿ 0.4 ಕಡಿಮೆ. ತೂಕ ಅರ್ಧ, ವ್ಯತ್ಯಾಸವೂ ಅರ್ಧ. ನೂರು ಗ್ರಾಂ ಬಟ್ಟೇ ಸವೆದಿದ್ರೆ ಐವತ್ತು ಗ್ರಾಂ ಬಟ್ಟು ಹಳೇ ಸರಾಸರಿಯನ್ನೇ ತೋರಿಸಬೇಕಿತ್ತು. ಹಂಗಾಗಿ ಬಟ್ಟು ನಿರ್ದೋಷಿ, ಬ್ಯಾಲೆನ್ಸೇ ಎಲ್ಲವನ್ನೂ ಒಂದೇ ಪ್ರಮಾಣದಲ್ಲಿ ಕಡಿಮೆ ತೋರಿಸ್ತಿದೆ ಅಂತಾಯ್ತು.

ಹಿಂದೆ ಬಗ್ಗಿ, ಬ್ಯಾಲೆನ್ಸ್ ಸಮವಾಗಿ ಕೂತಿದ್ಯಾ ಅಂತ ತೋರಿಸೋ ಲೆವೆಲ್ ನೋಡಿದ್ರೆ ಗುಳ್ಳೆ ವೃತ್ತದ ಅಂಚಿಗೆ ಸರಿದಿತ್ತು. ನಮ್ಮ ಟೇಬಲ್ ಮರದ್ದು, ಮಳೆಗಾಲದಲ್ಲಿ ತೇವ ಕುಡಿದು ಉಬ್ಬಿ ಒಂದು ಕಡೆ ಎತ್ತಿತ್ತು. ಬ್ಯಾಲೆನ್ಸ್ ವಾಲಿದ್ರೆ ಭಾರದ ಒಂದು ಪಾಲು ಪಕ್ಕಕ್ಕೆ ಹೋಗತ್ತೆ, ಕೆಳಗೆ ಒತ್ತೋ ಪಾಲು ಕಡಿಮೆಯಾಗತ್ತೆ, ಹಂಗಾಗಿ ತೂಕ ಕಮ್ಮಿ ಕಾಣತ್ತೆ. ಎಷ್ಟು ವಾಲಿರಬಹುದು ಅಂತ ಲೆಕ್ಕ ಹಾಕಿದ್ರೆ ಡಿಗ್ರಿಯ ಆರನೇ ಒಂದು ಭಾಗದಷ್ಟೂ ಇಲ್ಲ, ಇಪ್ಪತ್ತು ಸೆಂಟಿಮೀಟರ್ ಅಗಲದ ಬ್ಯಾಲೆನ್ಸ್‌ನಲ್ಲಿ ಒಂದು ಕಾಲು ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಎತ್ತಿದ್ರೆ ಇಷ್ಟಾಗತ್ತೆ. ಸ್ಕ್ರೂ ತಿರುಗಿಸಿ ಗುಳ್ಳೆ ಮಧ್ಯಕ್ಕೆ ತಂದು, ಅರ್ಧ ಗಂಟೆ ಬಿಟ್ಟು ತೂಗಿದ್ವಿ, 100.0003. ಬಟನ್ ಒತ್ತಲೇ ಇಲ್ಲ. ಚಾರ್ಟ್ ಮೇಲೆ ಆ ತಾರೀಖಿಗೆ "ಟೇಬಲ್ ಉಬ್ಬಿತ್ತು, ಲೆವೆಲ್ ಸರಿ ಮಾಡಿದ್ದು" ಅಂತ ಬರೆದ್ವಿ. ಮಧ್ಯದ ಗೆರೆಯೂ ಮಿತಿಗಳೂ ಹಾಗೇ ಉಳಿದ್ವು, ಯಾಕಂದ್ರೆ ಬ್ಯಾಲೆನ್ಸ್ ತನ್ನ ಹಳೇ ಸ್ಥಿತಿಗೇ ವಾಪಸ್ ಬಂದಿತ್ತು. ಕ್ಯಾಲಿಬ್ರೇಷನ್‌ನವರು ಅಡ್ಜಸ್ಟ್ ಮಾಡಿದಾಗ ಮಾತ್ರ ಒಂದು ಉದ್ದ ಗೆರೆ ಎಳೆದು, ಮತ್ತೆ ಇಪ್ಪತ್ತೈದು ದಿನ ತೂಗಿ, ಹೊಸ ಮಧ್ಯ ಹಿಡೀತೀವಿ.

ಆ ಎಂಟು ದಿನದ ರಿಪೋರ್ಟ್ ಕತೆ ಏನು ಅಂತ ಅವಳು ಕೇಳಿದ್ಲು. ನೂರು ಗ್ರಾಂಗೆ 0.4 ಮಿಲಿಗ್ರಾಂ ಅಂದ್ರೆ ಹತ್ತು ಗ್ರಾಂ ಕಾಫಿಗೆ 0.04, ಅದು ಬ್ಯಾಲೆನ್ಸ್‌ನ ಕೊನೆ ಅಂಕಿಗೂ ಕಡಿಮೆ. ಅಲ್ಲದೇ ತೇವಾಂಶ ಅನ್ನೋದು ಎರಡು ತೂಕಗಳ ಅನುಪಾತ, ಒಣಗೋಕೆ ಮುಂಚೆಯೂ ಆಮೇಲೂ ಒಂದೇ ಪ್ರಮಾಣದಲ್ಲಿ ಕಮ್ಮಿ ತೋರಿಸಿದ್ರೆ ಭಾಗಿಸುವಾಗ ಅದು ಕಳೆದುಹೋಗತ್ತೆ. ಹಂಗಾಗಿ ಒಂದು ರಿಪೋರ್ಟೂ ಬದಲಾಯಿಸಬೇಕಾಗಿ ಬರಲಿಲ್ಲ, ಆ ಲೆಕ್ಕವನ್ನೂ ಅದೇ ಹಾಳೆಯ ಹಿಂದೆ ಬರೆದು ಸಹಿ ಹಾಕಿದ್ವಿ. ಮಳೆ ನಿಂತ ಮೇಲೆ ಮರದ ಟೇಬಲ್ ತೆಗೆದು ಕಲ್ಲಿನ ಚಪ್ಪಡಿ ಹಾಕಿಸಿದೀವಿ, ಬೆಳಿಗ್ಗೆ ಬಟ್ಟು ಎತ್ತೋ ಮುಂಚೆ ಗುಳ್ಳೆ ನೋಡಿ ಟಿಕ್ ಹಾಕೋಕೆ ಹಾಳೆಯಲ್ಲಿ ಹೊಸದೊಂದು ಕಾಲಂ ಬಂದಿದೆ.