ಚಿಮಣಿಯಿಂದ ಹೋದದ್ದೆಷ್ಟು, ಮೈಯಿಂದ ಹೋದದ್ದೆಷ್ಟು: ಸೌದೆ ಬಾಯ್ಲರಿನ ದಕ್ಷತೆಯ ಲೆಕ್ಕ

ಸಭಿಕರೇ,

ಇಲ್ಲಿ ಕುಳಿತಿರುವವರಲ್ಲಿ ಹಲವರು ಗೇರುಬೀಜ ಬೇಯಿಸುವ ಬಾಯ್ಲರುಗಳ ಜೊತೆ ದಿನ ಕಳೆಯುವವರು, ಉಳಿದವರು ಪಾಲಿಟೆಕ್ನಿಕ್ ವಿದ್ಯಾರ್ಥಿಗಳು. ಆದ್ದರಿಂದ ಪುಸ್ತಕದಲ್ಲಿ ಬರುವ ಕಲ್ಲಿದ್ದಲಿನ ದೊಡ್ಡ ಬಾಯ್ಲರನ್ನು ಬದಿಗಿಟ್ಟು, ಮಂಜೇಶ್ವರದ ಕಡೆಯ ಒಂದು ಕಾರ್ಖಾನೆಯಲ್ಲಿ ನಾನು ಅಳೆದ, ಗಂಟೆಗೆ ಒಂದು ಟನ್ ಹಬೆ ಕೊಡಬಲ್ಲ, ರಬ್ಬರ್ ಮರದ ಸೌದೆ ಉರಿಸುವ ಬಾಯ್ಲರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ಸ್ವಲ್ಪ ಒಪ್ಪಮಾಡಿದ್ದೇನೆ.

ದಕ್ಷತೆಯನ್ನು ತಿಳಿಯಲು ಎರಡು ದಾರಿಗಳಿವೆ. ಹಬೆಗೆ ಸೇರಿದ ಶಾಖವನ್ನು ಸೌದೆಯ ಶಾಖದಿಂದ ಭಾಗಿಸುವುದು ನೇರ ವಿಧಾನ. ನಷ್ಟಗಳನ್ನು ಒಂದೊಂದಾಗಿ ಅಳೆದು ನೂರರಿಂದ ಕಳೆಯುವುದು ಪರೋಕ್ಷ ವಿಧಾನ. ಆ ಕಾರ್ಖಾನೆಯಲ್ಲಿ ಹಬೆ ಅಳೆಯುವ ಮೀಟರ್ ಇರಲಿಲ್ಲ; ಸೌದೆಯ ತೂಕವೂ ಲಾರಿ ಬಂದ ದಿನ ಬರೆದಿಟ್ಟದ್ದು ಮಾತ್ರ. ಅಂಥಲ್ಲಿ ನೇರ ವಿಧಾನಕ್ಕೆ ಆಧಾರವೇ ಇಲ್ಲ. ಅದೂ ಅಲ್ಲದೆ, ದಕ್ಷತೆ ಶೇಕಡಾ 68ರ ಸುಮಾರಿಗಿರುವ ಬಾಯ್ಲರಿನಲ್ಲಿ ಹಬೆಯ ಅಳತೆ ಹತ್ತರಲ್ಲೊಂದು ಪಾಲು ತಪ್ಪಿದರೆ ಉತ್ತರ ಸುಮಾರು 7 ಅಂಶ ತಪ್ಪುತ್ತದೆ. ಒಟ್ಟು ನಷ್ಟವಾದ 32ರ ಅಳತೆಯಲ್ಲಿ ಅದೇ ಪ್ರಮಾಣದ ತಪ್ಪಾದರೆ ಉತ್ತರ ಕೆಡುವುದು 3 ಅಂಶದಷ್ಟೇ. ಎಲ್ಲಿ ಎಷ್ಟು ಹೋಯಿತು ಎಂಬುದೂ ಅದರಲ್ಲೇ ಗೊತ್ತಾಗುತ್ತದೆ.

ಮೊದಲು ಸೌದೆ. ಒಣ ಮರದಲ್ಲಿ ಇಂಗಾಲ ಸುಮಾರು ಅರ್ಧಪಾಲು, ಜಲಜನಕ ಶೇಕಡಾ 6, ಆಮ್ಲಜನಕ 43, ಬೂದಿ 1 ಎಂದು ಹಿಡಿಯೋಣ. ಒಣ ಮರದ ಒಟ್ಟು ಶಾಖಮೌಲ್ಯ ಕಿಲೋವಿಗೆ 4600 ಕಿಲೋಕ್ಯಾಲರಿ ಇರಲಿ. ಒಲೆಯ ಮುಂದೆ ರಾಶಿ ಹಾಕಿದ ಸೌದೆಯ ನಾಲ್ಕಾರು ಕಡೆಗಳಿಂದ ಚಕ್ಕೆ ತೆಗೆದು, 105 ಡಿಗ್ರಿಯ ಓವನ್ನಿನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೂ ಒಣಗಿಸಿದಾಗ, ಹಸಿ ತೂಕದ ಶೇಕಡಾ 30ರಷ್ಟು ನೀರಿರುವುದು ಕಂಡಿತು. ಇಲ್ಲೊಂದು ಎಚ್ಚರ ಬೇಕು. ಮರಗೆಲಸದವರು ಬಳಸುವ ಎರಡು ಮುಳ್ಳಿನ ತೇವಾಂಶ ಮಾಪಕ ನೀರನ್ನು ಒಣ ತೂಕಕ್ಕೆ ಹೋಲಿಸಿ ತೋರಿಸುತ್ತದೆ. ಇದೇ ಸೌದೆಗೆ ಅದರಲ್ಲಿ ಬರಬೇಕಾದ ಅಂಕಿ 43. ಆ ಅಂಕಿಯನ್ನು ನೇರವಾಗಿ ನಮ್ಮ ಲೆಕ್ಕಕ್ಕೆ ಹಾಕಿದವರನ್ನು ನಾನು ಕಂಡಿದ್ದೇನೆ. ಶೇಕಡಾ 30 ನೀರೆಂದರೆ ಉರಿಸುವ ಸೌದೆಯ ಒಂದು ಕಿಲೋದಲ್ಲಿ 0.35 ಕಿಲೋ ಇಂಗಾಲ, 0.042 ಕಿಲೋ ಜಲಜನಕ, 3220 ಕಿಲೋಕ್ಯಾಲರಿ ಶಾಖ.

ಇಷ್ಟನ್ನು ಪೂರ್ತಿ ಉರಿಸಲು ಲೆಕ್ಕದ ಪ್ರಕಾರ ಬೇಕಾದ ಗಾಳಿ 4.21 ಕಿಲೋ. ಮರದೊಳಗೇ ಆಮ್ಲಜನಕವಿರುವುದರಿಂದ ಕಲ್ಲಿದ್ದಲಿಗೆ ಬೇಕಾದಷ್ಟು ಗಾಳಿ ಇದಕ್ಕೆ ಬೇಡ. ಆದರೆ ಒಲೆಗೆ ನಿಜವಾಗಿ ಹೋಗುವ ಗಾಳಿ ಯಾವಾಗಲೂ ಹೆಚ್ಚೇ. ಎಷ್ಟು ಹೆಚ್ಚು ಎಂಬುದನ್ನು ಹೊಗೆಯಲ್ಲಿ ಉಳಿದ ಆಮ್ಲಜನಕ ಹೇಳುತ್ತದೆ:

```
ಹೆಚ್ಚುವರಿ ಗಾಳಿ (%) = O2 / (21 − O2) × 100
```

ಬಾಯ್ಲರಿನಿಂದ ಹೊಗೆ ಹೊರಬೀಳುವಲ್ಲಿ ಆಮ್ಲಜನಕ ಶೇಕಡಾ 10.5, ಉಷ್ಣತೆ 240 ಡಿಗ್ರಿ, ಹೊರಗಾಳಿ 30 ಡಿಗ್ರಿ. ಹೆಚ್ಚುವರಿ ಗಾಳಿ ಸರಿಯಾಗಿ ಶೇಕಡಾ 100, ಅಂದರೆ ಬೇಕಾದದ್ದರ ಇಮ್ಮಡಿ: 8.42 ಕಿಲೋ. ಗಾಳಿಗೆ ಸೌದೆಯ ತೂಕ ಕೂಡಿಸಿ, ಬೂದಿಯನ್ನೂ ಆವಿಯಾಗಿ ಹೋಗುವ ನೀರನ್ನೂ ಕಳೆದರೆ ಒಣ ಹೊಗೆ 8.74 ಕಿಲೋ ಉಳಿಯುತ್ತದೆ. ಅದರ ವಿಶಿಷ್ಟ ಶಾಖ 0.24, ಉಷ್ಣತೆಯ ಅಂತರ 210. ಮೂರನ್ನೂ ಗುಣಿಸಿದರೆ 440 ಕಿಲೋಕ್ಯಾಲರಿ, ಅಂದರೆ ಸೌದೆಯ ಶಾಖದಲ್ಲಿ ಶೇಕಡಾ 13.7. ಎಲ್ಲಕ್ಕಿಂತ ದೊಡ್ಡ ನಷ್ಟ ಇದೇ. ಹೆಚ್ಚು ತಪ್ಪುಗಳಾಗುವುದೂ ಇದರಲ್ಲಿಯೇ, ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಮೊದಲ ತಪ್ಪು ಜಾಗದ್ದು. ನಾನು ಹೋಗುವ ಮೊದಲು ಅಲ್ಲಿ ಯಾರೋ ಒಮ್ಮೆ ಪರೀಕ್ಷೆ ಮಾಡಿ ಹೋಗಿದ್ದರು. ಅವರು ಉಷ್ಣತೆಯನ್ನು ಬಾಯ್ಲರಿನ ಮೇಲಿದ್ದ ಡಯಲಿನಿಂದ ಓದಿಕೊಂಡಿದ್ದರು. ಆಮ್ಲಜನಕವನ್ನು ಚಿಮಣಿಯ ಬುಡದಲ್ಲಿ ಅಳೆದಿದ್ದರು, ಅಲ್ಲಿ ಅದು 14 ಇತ್ತು. ಬಾಯ್ಲರಿಗೂ ಚಿಮಣಿಗೂ ನಡುವೆ ಧೂಳು ಹಿಡಿಯುವ ಪೆಟ್ಟಿಗೆಯ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ, ಫ್ಯಾನಿನ ಎಳೆತಕ್ಕೆ ಹೊರಗಾಳಿ ಅಲ್ಲಿಂದ ಒಳನುಗ್ಗುತ್ತಿತ್ತು. 14 ಎಂದರೆ ಹೆಚ್ಚುವರಿ ಗಾಳಿ ಶೇಕಡಾ 200, ಒಣ ಹೊಗೆ 12.95 ಕಿಲೋ. ಅದನ್ನು 240 ಡಿಗ್ರಿಯ ಜೊತೆ ಸೇರಿಸಿದರೆ ನಷ್ಟ ಶೇಕಡಾ 20.3 ಎಂದು ಬರುತ್ತದೆ. ಆರೂವರೆ ಅಂಶ ಸುಳ್ಳು ನಷ್ಟ. ಅವರು ಉಷ್ಣತೆಯನ್ನೂ ಚಿಮಣಿಯ ಬುಡದಲ್ಲೇ ಅಳೆದಿದ್ದರೆ ತಣ್ಣಗಾಳಿ ಬೆರೆತ ಹೊಗೆ 178 ಡಿಗ್ರಿಯ ಸುಮಾರಿಗೆ ಇಳಿದಿರುತ್ತಿತ್ತು, ಉತ್ತರ 14ರ ಆಸುಪಾಸಿಗೇ ಬರುತ್ತಿತ್ತು. ನಡುವೆ ಸೇರಿದ ಗಾಳಿ ತೂಕವನ್ನು ಹೆಚ್ಚಿಸಿದಷ್ಟೂ ಉಷ್ಣತೆಯನ್ನು ಇಳಿಸುತ್ತದೆಯಲ್ಲದೆ ಶಾಖವನ್ನು ಹೊಸದಾಗಿ ಹುಟ್ಟಿಸುವುದಿಲ್ಲ. ಆದ್ದರಿಂದ ಎರಡು ಅಳತೆಗಳೂ ಒಂದೇ ತೂತಿನಿಂದ, ಒಂದೇ ಹೊತ್ತಿಗೆ ಆಗಬೇಕು. ಸಾಧ್ಯವಾದರೆ ಆ ತೂತು ಬಾಯ್ಲರಿನ ಹೊರಬಾಯಿಯ ಹತ್ತಿರವೇ ಇರಲಿ. ಎರಡೂ ಕಡೆಯ ಆಮ್ಲಜನಕದಲ್ಲಿ ಇಷ್ಟು ಅಂತರ ಕಂಡರೆ ನಡುವೆ ಸೋರಿಕೆ ಇದೆ ಎಂದು ತಿಳಿಯಬೇಕು.

ಎರಡನೆಯದು ಹೊತ್ತಿನ ತಪ್ಪು. ಕೈಯಿಂದ ಸೌದೆ ಹಾಕುವ ಒಲೆಯಲ್ಲಿ ಆಮ್ಲಜನಕ ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ಬಾಗಿಲು ತೆರೆದಾಗ ಏರುತ್ತದೆ; ಮುಚ್ಚಿ ಹೊಸ ಸೌದೆ ಭುಗಿಲೆದ್ದಾಗ ಇಳಿಯುತ್ತದೆ. ಚೆನ್ನಾಗಿ ಉರಿಯುವ ಕ್ಷಣ ನೋಡಿ ಒಂದೇ ಸಲ ಓದಿಕೊಂಡರೆ ಬಾಯ್ಲರಿಗೆ ಒಳ್ಳೆಯ ಅಂಕ ಕೊಟ್ಟಂತಾಗುತ್ತದೆ, ಅಷ್ಟೆ. ಕಡಿಮೆಯೆಂದರೆ ಒಂದು ಗಂಟೆ, ನಿಮಿಷಕ್ಕೊಂದರಂತೆ, ಬಾಗಿಲು ತೆರೆದ ನಿಮಿಷಗಳನ್ನೂ ಬಿಡದೆ ಬರೆದುಕೊಳ್ಳಬೇಕು. ಸರಾಸರಿಯನ್ನು ಆಮ್ಲಜನಕದ ಅಂಕಿಗಳ ಮೇಲೆ ತೆಗೆಯಬೇಕೇ ಹೊರತು ಹೆಚ್ಚುವರಿ ಗಾಳಿಯ ಅಂಕಿಗಳ ಮೇಲೆ ಅಲ್ಲ. ಅರ್ಧ ಹೊತ್ತು 6, ಅರ್ಧ ಹೊತ್ತು 15 ಇತ್ತೆನ್ನಿ. ಹೊಗೆಯ ಹರಿವು ಒಂದೇ ಸಮ ಇದ್ದರೆ ಬೆರೆತ ಹೊಗೆಯಲ್ಲಿ ಇರುವುದು 10.5, ಹೆಚ್ಚುವರಿ ಗಾಳಿ 100. ಮೊದಲು 40 ಮತ್ತು 250 ಎಂದು ಬೇರೆಬೇರೆ ಲೆಕ್ಕ ಹಾಕಿ ಆಮೇಲೆ ಸರಾಸರಿ ತೆಗೆದರೆ 145 ಆಗುತ್ತದೆ, ಅದಕ್ಕೆ ಅರ್ಥವಿಲ್ಲ.

ನೀರಿನ ನಷ್ಟಕ್ಕೆ ಬರೋಣ. ಒಂದು ಕಿಲೋ ನೀರನ್ನು ಆವಿಮಾಡಿ 240 ಡಿಗ್ರಿಗೆ ಏರಿಸಿ ಚಿಮಣಿಯಲ್ಲಿ ಬಿಡಲು 584ಕ್ಕೆ, 210ರ 0.45 ಪಾಲನ್ನು ಕೂಡಿಸಿ, ಸುಮಾರು 678 ಕಿಲೋಕ್ಯಾಲರಿ ಬೇಕು. ಸೌದೆಯ ಜಲಜನಕ ಉರಿದು ತನ್ನ ಒಂಬತ್ತು ಪಟ್ಟು ತೂಕದ ನೀರಾಗುತ್ತದೆ: 0.378 ಕಿಲೋ. ಅದಕ್ಕೆ ಶೇಕಡಾ 8. ಸೌದೆಯಲ್ಲಿ ಮೊದಲೇ ಇದ್ದ 0.3 ಕಿಲೋ ನೀರಿಗೆ ಶೇಕಡಾ 6.3. ಮೊದಲನೆಯದನ್ನು ಯಾರೂ ತಪ್ಪಿಸಲಾಗದು, ಎರಡನೆಯದು ಸೌದೆ ರಾಶಿಯ ಮೇಲಿನ ಸೂರಿಗೆ ಸಂಬಂಧಿಸಿದ್ದು. ಆಟಿ ತಿಂಗಳಲ್ಲಿ ಬಯಲಲ್ಲಿಟ್ಟ ಸೌದೆಯ ನೀರು ಶೇಕಡಾ 45ಕ್ಕೆ ಏರಿದರೆ, ಕಿಲೋವಿನ ಶಾಖ 2530ಕ್ಕೆ ಇಳಿದು, ಈ ಒಂದು ನಷ್ಟವೇ ಶೇಕಡಾ 12 ಆಗುತ್ತದೆ. ಆಮ್ಲಜನಕ, ಉಷ್ಣತೆಗಳು ಬದಲಾಗದಿದ್ದರೆ ಒಣ ಹೊಗೆಯ ನಷ್ಟ ಮಾತ್ರ 13.7ರಲ್ಲೇ ಇರುತ್ತದೆ, ಏಕೆಂದರೆ ಗಾಳಿ ಬೇಕಾದದ್ದೂ ಶಾಖ ಕೊಡುವುದೂ ಒಣ ಭಾಗವೇ. ಅವು ಬದಲಾಗದೆ ಇರುವುದು ಅಪರೂಪ ಎಂಬುದು ಬೇರೆ ಮಾತು; ಉರಿ ಮಂಕಾದಾಗ ಒಲೆ ನೋಡುವವರು ಮೊದಲು ಮಾಡುವುದು ಡ್ಯಾಂಪರ್ ತೆರೆಯುವುದನ್ನೇ.

ಸಣ್ಣ ನಷ್ಟಗಳನ್ನು ಬೇಗ ಮುಗಿಸುತ್ತೇನೆ. ಕರಾವಳಿಯ ಗಾಳಿಯಲ್ಲಿನ ತೇವ ಅರ್ಧ ಅಂಶ. ಕಾರ್ಬನ್ ಮೊನಾಕ್ಸೈಡ್ ಶೇಕಡಾ 0.2 ಇತ್ತು, ಅಂದರೆ ಮಾಪಕದಲ್ಲಿ 2000 ಪಿಪಿಎಂ, ಅದರಿಂದ 1.2 ಅಂಶ. ಬೂದಿಯಲ್ಲಿ ಉಳಿದ ಕೆಂಡ 0.4.

ಇನ್ನು ಬಾಯ್ಲರಿನ ಮೈಯಿಂದ ಹೋಗುವ ಶಾಖ. ಇದಕ್ಕೆ ರೂಢಿಯಲ್ಲಿ ವಿಕಿರಣ ನಷ್ಟ ಎಂದು ಹೆಸರಿದ್ದರೂ ಗಾಳಿ ಸವರಿಕೊಂಡು ಒಯ್ಯುವ ಶಾಖವೂ ಇದರಲ್ಲಿ ಸೇರಿದೆ. ಹಲವರು ಇದನ್ನು ಅಳೆಯದೆ ಶೇಕಡಾ 1 ಅಥವಾ 2 ಎಂದು ಬರೆದುಬಿಡುತ್ತಾರೆ. ಸಣ್ಣ ಬಾಯ್ಲರಿಗೆ ಹಾಗೆ ಮಾಡಬಾರದು, ಗಾತ್ರ ಸಣ್ಣದಾದಷ್ಟೂ ಶಾಖಕ್ಕೆ ಹೋಲಿಸಿದರೆ ಮೈ ದೊಡ್ಡದು. ಮೈಯ ಉಷ್ಣತೆ ಸುತ್ತಲಿನದಕ್ಕಿಂತ ಎಷ್ಟು ಹೆಚ್ಚೋ ಅದರ ಇಪ್ಪತ್ತರ ಒಂದು ಪಾಲಿಗೆ ಹತ್ತು ಕೂಡಿಸಿ, ಮತ್ತೆ ಅದೇ ಅಂತರದಿಂದ ಗುಣಿಸಿದರೆ ಚದರ ಮೀಟರಿಗೆ ಗಂಟೆಗೆ ಹೋಗುವ ಕಿಲೋಕ್ಯಾಲರಿ ಸಿಗುತ್ತದೆ. ಮೈ 200 ಡಿಗ್ರಿಯವರೆಗೆ ಇದ್ದಾಗ ಈ ಸೂತ್ರ ಸಾಕು. ಹೊದಿಕೆಯಿದ್ದ 25 ಚದರ ಮೀಟರ್ 70 ಡಿಗ್ರಿ ಇತ್ತು: ಚದರ ಮೀಟರಿಗೆ 480, ಒಟ್ಟು 12,000. ಬಾಗಿಲು ಮತ್ತು ಮುಂಭಾಗದ ಬರಿಯ ಕಬ್ಬಿಣ ಬರೀ 3 ಚದರ ಮೀಟರ್, ಆದರೆ 150 ಡಿಗ್ರಿ: ಚದರ ಮೀಟರಿಗೆ 1920, ಒಟ್ಟು 5760. ಮೈಯ ಹತ್ತರಲ್ಲೊಂದು ಪಾಲು ನಷ್ಟದ ಮೂರರಲ್ಲೊಂದು ಪಾಲನ್ನು ಒಯ್ಯುತ್ತಿದೆ. ಒಟ್ಟು 17,760. ಪರೀಕ್ಷೆಯ ದಿನ ಗಂಟೆಗೆ 240 ಕಿಲೋ ಸೌದೆ ತೂಗಿ ಹಾಕಿಸಿದೆವು. ಆ ಲೆಕ್ಕದಲ್ಲಿ ಇದು ಶೇಕಡಾ 2.3. ಸೂತ್ರ ನಿಂತ ಗಾಳಿಗೆ ಮಾಡಿದ್ದು. ಗೋಡೆಯಿಲ್ಲದ ಶೆಡ್ಡಿಗೆ ಮಧ್ಯಾಹ್ನದ ಕಡಲಗಾಳಿ ಬೀಸಿದರೆ ನಿಜವಾದ ನಷ್ಟ ಇದಕ್ಕಿಂತ ಹೆಚ್ಚೇ ಇರುತ್ತದೆ.

ಈ ನಷ್ಟಕ್ಕೆ ಇನ್ನೊಂದು ಗುಣವಿದೆ. ಹಬೆಯ ಒತ್ತಡ ಹಾಗೇ ಇರುವವರೆಗೆ ಮೈಯ ಉಷ್ಣತೆಯೂ ಹೆಚ್ಚುಕಡಿಮೆ ಹಾಗೇ ಇರುವುದರಿಂದ, ಬೀಜ ಬೇಯಿಸುವ ಕೆಲಸ ಅರ್ಧಕ್ಕೆ ಇಳಿದು ಸೌದೆ 120 ಕಿಲೋಗೆ ಬಂದರೂ ಗಂಟೆಗೆ 17,760 ಹೋಗುತ್ತಲೇ ಇರುತ್ತದೆ. ಆಗ ಅದು ಶೇಕಡಾ 4.6.

ಎಲ್ಲವನ್ನೂ ಕೂಡಿಸಿದರೆ ನಷ್ಟ 32.4, ದಕ್ಷತೆ 67.6. ಇದನ್ನು ಹೇಳಿದಾಗ ಕಾರ್ಖಾನೆಯವರು ಬೇಸರದಿಂದ, ಬಾಯ್ಲರ್ ಮಾರಿದವರು 77 ಎಂದು ಬರೆದುಕೊಟ್ಟಿದ್ದಾರಲ್ಲ ಎಂದರು. ಅವರು ಬರೆದದ್ದು ಸುಳ್ಳಾಗಿರಲಿಲ್ಲ. ಆವಿಯಾಗಿ ಹೋಗುವ ನೀರಿನ ಗುಪ್ತ ಶಾಖವನ್ನು ಮೊದಲೇ ಕಳೆದ ನಿವ್ವಳ ಶಾಖಮೌಲ್ಯದ ಮೇಲೆ ಅವರ ಲೆಕ್ಕವಿತ್ತು. ನಮ್ಮ ಸೌದೆಗೆ ಅದು 2824. ಅದರ ಮೇಲೆ ಎಣಿಸಿದರೆ ನಮ್ಮ ಬಾಯ್ಲರಿನದೂ 77ಕ್ಕೇ ಬರುತ್ತದೆ. ಯಾವ ಮೌಲ್ಯದ ಮೇಲೆ ಎಂದು ಬರೆಯದ ದಕ್ಷತೆಯ ಅಂಕಿಯನ್ನು ನಾನಂತೂ ಒಪ್ಪುವುದಿಲ್ಲ. ಬಾಯ್ಲರಿನ ಕೆಸರು ನೀರು ಬಿಡುವಾಗ ಹೋಗುವ ಶಾಖ, ರಾತ್ರಿ ಆರಿಸಿ ಬೆಳಿಗ್ಗೆ ಮತ್ತೆ ಕಾಯಿಸುವ ಸೌದೆ, ಇವೆರಡೂ ಈ ಲೆಕ್ಕದ ಹೊರಗೇ ಉಳಿದಿವೆ ಎಂಬುದನ್ನೂ ನೆನಪಿಡಬೇಕು.

ಆ ಕಾರ್ಖಾನೆಯಲ್ಲಿ ಮುಂದಿನ ಪ್ರಯತ್ನ ಡ್ಯಾಂಪರಿನದು. ಆಮ್ಲಜನಕವನ್ನು 7ಕ್ಕೆ ಇಳಿಸಿದರೆ ಒಣ ಹೊಗೆ 6.64 ಕಿಲೋಗೆ, ಅದರ ನಷ್ಟ 10.4ಕ್ಕೆ ಇಳಿಯುತ್ತದೆ, 3.3 ಅಂಶದ ಉಳಿತಾಯ. ಆದರೆ ಮೊನಾಕ್ಸೈಡ್ ಈಗಲೇ 2000 ಇದೆ. ಡ್ಯಾಂಪರನ್ನು ಒಂದಿಷ್ಟು ಮುಚ್ಚಿ, ಎರಡೂ ಅಂಕಿಗಳನ್ನು ಒಟ್ಟಿಗೆ ನೋಡುತ್ತ ಹೋಗಬೇಕು. ಮೊನಾಕ್ಸೈಡಿನ ನಷ್ಟ ಏರುವ ವೇಗ ಒಣ ಹೊಗೆಯ ನಷ್ಟ ಇಳಿಯುವ ವೇಗವನ್ನು ಮೀರುವ ಗುರುತು ಎಲ್ಲಿ ಸಿಗುತ್ತದೆಯೋ, ಡ್ಯಾಂಪರಿನ ಹಿಡಿಕೆಗೆ ಅಲ್ಲಿ ಸುಣ್ಣದ ಗೆರೆ ಎಳೆಯಬೇಕು.